ಹದಿನೈದು ನಿಮಿಷದ ಸಂಚಕಾರ

ನಮ್ಮೂರ ಕಡೆ ದನದ ವ್ಯಾಪಾರದಲ್ಲಿ ಕೊಡುವ ಮುಂಗಡಕ್ಕೆ ಸಂಚಕಾರ ಅಂತಾರೆ. ಅದೇ ಮಾತಿಗೆ ಆಪತ್ತು ಅನ್ನೋ ಅರ್ಥವೂ ಇದೆ. ‘ಪ್ರಾಣಕ್ಕೆ ಸಂಚಕಾರ’ ಅನ್ನುವಾಗ ಬರೋದು ಅದೇ. ಒಂದೇ ಪದಕ್ಕೆ ಈ ಎರಡು ಅರ್ಥ ಹೇಗೆ ಅಂಟಿಕೊಂಡವು ಅನ್ನೋದನ್ನು ಭಾಷಾ ಪಂಡಿತರು ಹೇಳಬೇಕು. ಆದರೆ ಆನ್‌ಲೈನ್ ಹಾಲಿಡೇ ಪ್ಯಾಕೇಜಿನ ಪುಟಗಳನ್ನು ನೋಡುವಾಗಲೆಲ್ಲ ನನಗೆ ಈ ಪದ ನೆನಪಾಗುತ್ತೆ. ಅಲ್ಲಿ ಎರಡೂ ಅರ್ಥಕ್ಕೆ ಜಾಗ ಇದೆ.

ಇಂಥ ಪುಟಗಳನ್ನು ನಾನು ಪುಸ್ತಕ ವಿಮರ್ಶೆ ಮಾಡುವ ಹಾಗೆ ಓದುತ್ತೇನೆ. ಹನ್ನೆರಡು ವರ್ಷದಿಂದ ವೆಬ್ ಪುಟ ಕಟ್ಟೋದೇ ನನ್ನ ಹೊಟ್ಟೆಪಾಡು, ಹಾಗಾಗಿ ಮೇಲಿನ ಬಣ್ಣಕ್ಕಿಂತ ಒಳಗಿನ ಹೊಲಿಗೆ ಮೊದಲು ಕಾಣುತ್ತೆ. ಮೇಲೆ ಕಡಲ ತೀರದ ಚಿತ್ರ. ಅದರ ಕೆಳಗೆ ಗೀಟು ಹೊಡೆದ ದೊಡ್ಡ ಬೆಲೆ, ಪಕ್ಕದಲ್ಲಿ ಅದರ ಅರ್ಧದಷ್ಟು ಸಣ್ಣ ಬೆಲೆ. ಆಮೇಲೆ ಕೆಂಪು ಅಕ್ಷರದಲ್ಲಿ ಇಳಿಯುತ್ತಾ ಹೋಗುವ ಗಡಿಯಾರ: 14:59, 14:58. ಅದರ ಬುಡದಲ್ಲಿ ‘ಈಗ 37 ಜನ ಇದನ್ನು ನೋಡುತ್ತಿದ್ದಾರೆ, ಉಳಿದಿರೋದು ಎರಡೇ ರೂಮು’. ಕೊನೆಗೆ ಈಗಲೇ ಹಣ ಕಟ್ಟಿ ಅನ್ನುವ ಗುಂಡಿ.

ಆ ಗಡಿಯಾರವನ್ನೇ ಮೊದಲು ಬಿಚ್ಚಿ ನೋಡೋಣ. ಅದನ್ನು ಮಾಡೋಕೆ ಎರಡು ಸಾಲು ಸಾಕು. 37 ಜನರನ್ನು ಕೂರಿಸೋಕೆ ಇನ್ನೊಂದು ಸಾಲು:

```js
let left = 15 * 60;
setInterval(() => draw(left--), 1000);
const viewers = 20 + Math.floor(Math.random() * 30);
```

ಪುಟ ತೆರೆದ ಕ್ಷಣಕ್ಕೆ ಹದಿನೈದು ನಿಮಿಷ ಶುರು. ನೋಡುವ ಜನ 20ರಿಂದ 49ರ ಒಳಗೆ ಎಷ್ಟು ಬೇಕಾದರೂ ಆಗಬಹುದು, ದಾಳ ಉರುಳಿದಷ್ಟು. ಇದರಲ್ಲಿ ಹೋಟೆಲ್ಲೂ ಇಲ್ಲ, ರೂಮೂ ಇಲ್ಲ, ಯಾವ ಸರ್ವರನ್ನೂ ಕೇಳಿಲ್ಲ. ನಿಮ್ಮ ಮೊಬೈಲೇ ನಿಮಗೆ ಹೇಳುತ್ತಿರುವ ಕತೆ ಇದು.

ಹಾಗಂತ ಎಲ್ಲ ಗಡಿಯಾರವೂ ಸುಳ್ಳಲ್ಲ. ವಿಮಾನದ ಟಿಕೆಟ್ ಬುಕ್ ಮಾಡುವಾಗ ಸೀಟು ಆರಿಸಿ, ಹೆಸರು ವಯಸ್ಸು ತುಂಬಿದ ಮೇಲೆ ಬರುವ ಗಡಿಯಾರಕ್ಕೆ ಕಾರಣ ಇದೆ. ಆ ಸೀಟನ್ನು ನಿಮಗಾಗಿ ಸ್ವಲ್ಪ ಹೊತ್ತು ತೆಗೆದಿಟ್ಟಿರುತ್ತಾರೆ, ಅದು ಮುಗಿದರೆ ಇನ್ನೊಬ್ಬರಿಗೆ ಬಿಡಬೇಕು. ವ್ಯತ್ಯಾಸ ಗುರುತಿಸೋದು ಸುಲಭ. ನಿಜವಾದ ಗಡಿಯಾರ ನೀವು ಏನನ್ನಾದರೂ ಆರಿಸಿದ ಮೇಲೆ ಶುರುವಾಗುತ್ತೆ. ಸುಳ್ಳು ಗಡಿಯಾರ ನೀವು ಬಾಗಿಲು ತೆರೆದ ಕೂಡಲೇ ಶುರುವಾಗುತ್ತೆ. ಅನುಮಾನ ಬಂದರೆ ಹತ್ತು ನಿಮಿಷ ಬಿಟ್ಟು ಅದೇ ಕೊಂಡಿಯನ್ನು ಮನೆಯವರ ಫೋನಲ್ಲಿ ತೆರೆಯಿರಿ. ನಿಮ್ಮದರಲ್ಲಿ 4:50 ಇದ್ದು ಅವರದರಲ್ಲಿ 14:59 ಇದ್ದರೆ, ಆಫರ್ ಮುಗಿಯುತ್ತಿಲ್ಲ, ನಿಮ್ಮ ತಾಳ್ಮೆ ಮುಗಿಯಲಿ ಅಂತ ಅವರು ಕಾಯುತ್ತಿದ್ದಾರೆ ಅಷ್ಟೇ.

ಈ ಆತುರದ ನಾಟಕ ಕಳ್ಳರು ಕಂಡುಹಿಡಿದದ್ದೇನಲ್ಲ. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2019ರ ಫೆಬ್ರುವರಿಯಲ್ಲಿ ಎಕ್ಸ್‌ಪೀಡಿಯಾ, ಬುಕಿಂಗ್ ಡಾಟ್ ಕಾಮ್, ಅಗೋಡಾ ಸೇರಿ ಆರು ದೊಡ್ಡ ಹೋಟೆಲ್ ಬುಕಿಂಗ್ ಸೈಟುಗಳಿಂದ ಇಂಥ ಒತ್ತಡದ ಮಾರಾಟ ಬದಲಿಸುತ್ತೇವೆ ಅಂತ ಮಾತು ತೆಗೆದುಕೊಂಡಿತು. ನಮ್ಮಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ಪುಟವಿನ್ಯಾಸಗಳ ಪಟ್ಟಿ ಇದೆ. ಅದರಲ್ಲಿ ಸುಳ್ಳು ಆತುರವೂ ಒಂದು. ಅದಕ್ಕೆ ಕೊಟ್ಟ ಉದಾಹರಣೆಯೇ ಎರಡು ರೂಮು ಉಳಿದಿದೆ, ಮೂವತ್ತು ಜನ ನೋಡ್ತಿದ್ದಾರೆ ಅನ್ನೋದು.

ನನ್ನ ತಕರಾರು ಶುರುವಾಗೋದು ಇಲ್ಲಿಂದ. ದೊಡ್ಡ, ನಂಬಿಕಸ್ಥ ಕಂಪನಿಗಳು ವರ್ಷಗಟ್ಟಲೆ ಈ ಗಡಿಯಾರಕ್ಕೆ ನಮ್ಮನ್ನು ಒಗ್ಗಿಸಿಬಿಟ್ಟಿವೆ. ಅದನ್ನು ನೋಡಿದರೆ ಈಗ ಯಾರಿಗೂ ಅನುಮಾನ ಬರಲ್ಲ, ಎಲ್ಲ ಕಡೆ ಹೀಗೇ ಅಲ್ವಾ ಅನ್ನಿಸುತ್ತೆ. ಹಾಗಾಗಿ ಗಡಿಯಾರ ನೋಡಿ ಕಳ್ಳ ಯಾರು, ಸಾಚಾ ಯಾರು ಅಂತ ಹೇಳೋಕಾಗಲ್ಲ. ಆದರೆ ಕಳ್ಳನ ಪುಟದಲ್ಲಿ ಅದಕ್ಕೆ ಬೇರೆಯೇ ಕೆಲಸ ಇರುತ್ತೆ. ದೊಡ್ಡ ಕಂಪನಿಗೆ ನೀವು ಬೇರೆ ಸೈಟಿನಲ್ಲಿ ಬೆಲೆ ಹೋಲಿಸಬಾರದು ಅಷ್ಟೇ. ಕಳ್ಳನಿಗೆ, ಹಣ ಯಾರ ಹೆಸರಿಗೆ ಹೋಗ್ತಿದೆ ಅಂತ ನೀವು ನೋಡಬಾರದು. ಅದನ್ನು ನೋಡೋಕೆ ಬೇಕಾಗೋದು ಹೆಚ್ಚೆಂದರೆ ಅರ್ಧ ಗಂಟೆ. ಗಡಿಯಾರ ಕೊಡೋದು ಹದಿನೈದು ನಿಮಿಷ.

ಒಂದು ಪ್ರಸಂಗ ಹೇಳ್ತೀನಿ. ನಾನಿರೋದು ರಾಜಗೋಪಾಲನಗರದಲ್ಲಿ. ಪಕ್ಕದಲ್ಲೇ ಪೀಣ್ಯ, ನಮ್ಮ ಬೀದಿಯ ಅರ್ಧ ಜನ ಅಲ್ಲಿನ ಶೆಡ್ಡುಗಳಲ್ಲೇ ದುಡಿಯೋರು. ಕೆಳಗಿನ ಮನೆಯ ಹುಡುಗ ಸಿಎನ್‌ಸಿ ಮಿಷಿನ್ ಆಪರೇಟರ್, ಹೊಸದಾಗಿ ಮದುವೆಯಾದೋನು. ಆಯುಧಪೂಜೆಗೆ ಬೋನಸ್ ಬಂದಿತ್ತು. ಇನ್‌ಸ್ಟಾಗ್ರಾಮಲ್ಲಿ ಬಂದ ಜಾಹೀರಾತು ಹಿಡ್ಕೊಂಡು ಮೇಲೆ ಬಂದ. ಅಂಡಮಾನ್, ನಾಲ್ಕು ರಾತ್ರಿ ಐದು ಹಗಲು, ಬೆಂಗಳೂರಿಂದ ವಿಮಾನ ಸೇರಿ ಇಬ್ಬರಿಗೆ 24,999. “ಅಣ್ಣಾ, ಅರ್ಧ ದುಡ್ಡು ಈಗ್ಲೇ ಹಾಕ್ಬೇಕಂತೆ, ಇನ್ನು ಹನ್ನೊಂದು ನಿಮಿಷ ಇದೆ. ಸರಿ ಇದೆಯಾ ನೋಡಿ” ಅಂದ.

ನಾವು ಮೊದಲು ನೋಡಿದ್ದು ಲೆಕ್ಕ. ವಿಮಾನ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಅದೇ ದಿನಾಂಕ ಹಾಕಿದೆವು. ಹೋಗಿಬರೋ ಟಿಕೆಟ್ಟೇ ಇಬ್ಬರಿಗೆ ಇಪ್ಪತ್ತೇಳು ಸಾವಿರ ದಾಟಿತ್ತು. ಪ್ಯಾಕೇಜ್ ಮಾರುವವರಿಗೆ ಒಟ್ಟಿಗೆ ಕೊಂಡಾಗ ಹೋಟೆಲ್ ಅಗ್ಗಕ್ಕೆ ಸಿಗುತ್ತೆ, ವಿಮಾನದಲ್ಲೂ ಸ್ವಲ್ಪ ಉಳಿಯುತ್ತೆ, ನಿಜ. ಆದರೆ ಟಿಕೆಟ್ಟಿಗಿಂತ ಕಡಿಮೆಗೆ ಟಿಕೆಟ್ಟು, ರೂಮು, ಫೆರಿ, ತಿಂಡಿ ಎಲ್ಲ ಕೊಡೋನು ಕೈಯಿಂದ ಹಾಕಿ ಕೊಡಬೇಕು. ಯಾಕೆ ಕೊಡ್ತಾನೆ?

ಆಮೇಲೆ ವಿಳಾಸ. ಬೀಗದ ಗುರುತು ಇತ್ತು, ಅದರಿಂದ ಏನೂ ಗೊತ್ತಾಗಲ್ಲ. ನಿಮಗೂ ಆ ಸೈಟಿಗೂ ನಡುವೆ ಯಾರೂ ಕದ್ದು ಕೇಳ್ತಿಲ್ಲ ಅಂತ ಮಾತ್ರ ಬೀಗ ಹೇಳುತ್ತೆ. ಆ ಕಡೆ ಕೂತಿರೋನು ಯಾರು ಅಂತ ಹೇಳಲ್ಲ. ಅದರ ಸರ್ಟಿಫಿಕೇಟು ಬಿಟ್ಟಿ ಸಿಗುತ್ತೆ, ಕಳ್ಳನಿಗೂ ಸಿಗುತ್ತೆ. ನೋಡಬೇಕಾದ್ದು ಆ ಹೆಸರು ಎಂದು ಹುಟ್ಟಿತು ಅನ್ನೋದನ್ನು. ಲ್ಯಾಪ್‌ಟಾಪಲ್ಲಿ ಒಂದೇ ಸಾಲು:

```
whois example.com | grep -i "creation date"
```

ಇದನ್ನು ಹಾಗೇ ಓಡಿಸಿದರೆ 1995 ಅಂತ ಬರುತ್ತೆ, ಯಾಕಂದ್ರೆ ಆ ಹೆಸರು ಅಷ್ಟು ಹಳೇದು. ಕಮಾಂಡ್ ಬೇಡ ಅನ್ನೋರು lookup.icann.org ತೆರೆದು ಹೆಸರು ಹಾಕಿದರೂ ಅದೇ ಉತ್ತರ ಸಿಗುತ್ತೆ. ನಮ್ಮ ಹುಡುಗ ತಂದ ಸೈಟಿನ ವಯಸ್ಸು ಹತ್ತೊಂಬತ್ತು ದಿನ. ಪುಟದಲ್ಲಿ ಮಾತ್ರ ‘15 ವರ್ಷಗಳ ಅನುಭವ’ ಅಂತ ಇತ್ತು. ಹೊಸ ಹೆಸರು ಅಂದ ಮಾತ್ರಕ್ಕೆ ಮೋಸ ಅಲ್ಲ, ಎಲ್ಲ ವ್ಯಾಪಾರವೂ ಒಂದು ದಿನ ಹೊಸದೇ. ಹಳೇ ಹೆಸರನ್ನು ಕೊಂಡು ಮೋಸ ಮಾಡೋರೂ ಇದ್ದಾರೆ. ಆದರೆ ಹತ್ತೊಂಬತ್ತು ದಿನದ ಕೂಸು ಹದಿನೈದು ವರ್ಷದ ಕತೆ ಹೇಳಿದರೆ ಆ ಎರಡರಲ್ಲಿ ಒಂದು ಸುಳ್ಳು.

ಮೂರನೇದು ಪುಟದ ಬುಡದಲ್ಲಿದ್ದ ಜಿಎಸ್‌ಟಿ ನಂಬರು. ಹದಿನೈದು ಅಕ್ಷರದ ಈ ನಂಬರು ಸುಮ್ಮನೆ ಇಟ್ಟದ್ದಲ್ಲ, ಓದೋಕೆ ಬರುತ್ತೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಅದರ ಮುಂದಿನ ಹತ್ತು ಮಾಲೀಕರ ಪ್ಯಾನ್. ನಂಬರಿನ ಆರನೇ ಅಕ್ಷರ P ಇದ್ದರೆ ಒಬ್ಬ ವ್ಯಕ್ತಿ, F ಇದ್ದರೆ ಪಾಲುದಾರಿಕೆ, C ಇದ್ದರೆ ಕಂಪನಿ. ಹುಡುಗನ ಪುಟದಲ್ಲಿದ್ದದ್ದು 29, C. ಅಂದರೆ ಕರ್ನಾಟಕದ ಒಂದು ಕಂಪನಿ. ನೋಡೋಕೆ ಚೆನ್ನಾಗೇ ಇತ್ತು. ಆದರೆ services.gst.gov.in ನಲ್ಲಿ ಲಾಗಿನ್ ಇಲ್ಲದೇ ಯಾರ ನಂಬರನ್ನಾದರೂ ಹುಡುಕಬಹುದು. ಹುಡುಕಿದರೆ ನಂಬರು ಅಸಲಿ, ಚಾಲ್ತಿಯಲ್ಲೂ ಇದೆ. ಹೆಸರು ಮಾತ್ರ ಬೇರೆ ಯಾವುದೋ ಕಂಪನಿಯದು, ಪ್ರವಾಸಕ್ಕೂ ಅದಕ್ಕೂ ಸಂಬಂಧ ಇಲ್ಲ. ಯಾರದೋ ಬಿಲ್ಲಿನಿಂದ ಎತ್ತಿಕೊಂಡಿದ್ದರು.

ಇದನ್ನು ಗಮನಿಸಿ. ನಂಬರು ಅಸಲಿಯಾ ಅಂತ ಮಾತ್ರ ನೋಡಿದ್ದರೆ ನಾವು ಪಾಸ್ ಅಂತ ಬರೆದುಬಿಡ್ತಿದ್ದೆವು. ಕೇಳಬೇಕಾದ ಪ್ರಶ್ನೆ ನಂಬರು ನಿಜವಾ ಅನ್ನೋದಲ್ಲ, ಅದು ಯಾರದು ಅನ್ನೋದು. ಅಲ್ಲಿ ಕಾಣುವ ಕಾನೂನುಬದ್ಧ ಹೆಸರು ಮತ್ತು ವ್ಯಾಪಾರದ ಹೆಸರು ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಹೆಜ್ಜೆಗೆ ಬೇಕು.

ಮುಂದಿನ ಹೆಜ್ಜೆ ಹಣ ಹೋಗುವ ಖಾತೆ. ಪುಟದಲ್ಲಿ ಕಾರ್ಡಿಗೆ ಜಾಗವೇ ಇರಲಿಲ್ಲ, ಗುಂಡಿ ಒತ್ತಿದರೆ ವಾಟ್ಸಾಪಿಗೆ ಹೋಗುತ್ತಿತ್ತು, ಅಲ್ಲಿಂದ ಒಂದು ಕ್ಯೂಆರ್ ಕೋಡ್ ಬಂತು. ಹಿಂದೆಲ್ಲ ಕ್ಯೂಆರ್ ಮಾಡಿಸುವವನು ತನಗೆ ಬೇಕಾದ ಹೆಸರನ್ನು ಅದರೊಳಗೇ ತುಂಬಬಹುದಿತ್ತು, ಕೆಲವು ಆ್ಯಪ್‌ಗಳು ಅದನ್ನೇ ತೋರಿಸುತ್ತಿದ್ದವು. 2025ರ ಜೂನ್ 30ರೊಳಗೆ ಎಲ್ಲ ಯುಪಿಐ ಆ್ಯಪ್‌ಗಳೂ ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು ಅಂತ ಎನ್‌ಪಿಸಿಐ ಹೇಳಿತು. ಪಿನ್ ಹಾಕುವ ಮುಂಚೆ ಪರದೆಯಲ್ಲಿ ಬರುವ ಆ ಹೆಸರು, ಈ ಇಡೀ ವ್ಯವಹಾರದಲ್ಲಿ ಮಾರುವವನು ತನಗೆ ಬೇಕಾದ ಹಾಗೆ ಬರೆಯಲಾಗದ ಒಂದು ಸಾಲು. ಬಹುಪಾಲು ಜನ ಓದದೇ ದಾಟಿಹೋಗೋದೂ ಅದೇ ಸಾಲನ್ನೇ.

ಸ್ಕ್ಯಾನ್ ಮಾಡಿ ಅಲ್ಲಿಗೇ ನಿಲ್ಲಿಸಿದೆವು. ಬಂದದ್ದು ಒಬ್ಬ ವ್ಯಕ್ತಿಯ ಹೆಸರು. ಸೈಟಿನ ಹೆಸರಲ್ಲ, ಜಿಎಸ್‌ಟಿ ಕಂಪನಿಯ ಹೆಸರೂ ಅಲ್ಲ. ಹುಡುಗನ ಕೈಲೇ ಫೋನ್ ಮಾಡಿಸಿದೆ.

“ಇದ್ಯಾರ ಹೆಸ್ರು ಸಾರ್ ಬರ್ತಿರೋದು?”

“ಅದು ನಮ್ಮ ಅಕೌಂಟೆಂಟ್ ಖಾತೆ ಸಾರ್. ಕಂಪನಿಗೆ ಹಾಕಿದ್ರೆ ನಿಮಗೆ ಜಿಎಸ್‌ಟಿ ಬೀಳುತ್ತೆ, ಇದಕ್ಕೆ ಹಾಕಿದ್ರೆ ಉಳಿಯುತ್ತೆ.”

“ಪರ್ವಾಗಿಲ್ಲ, ಜಿಎಸ್‌ಟಿ ಕೊಡ್ತೀನಿ. ಕಂಪನಿ ಖಾತೆ ನಂಬರ್ ಕಳ್ಸಿ. ನಾಳೆ ಬ್ಯಾಂಕಿಗೇ ಹೋಗಿ ಹಾಕ್ತೀನಿ.”

“ನಾಳೆ ಈ ರೇಟ್ ಇರಲ್ಲ ಸಾರ್. ಸರಿ, ನಿಮಗೋಸ್ಕರ ರಾತ್ರಿವರ್ಗೂ ಹೋಲ್ಡ್ ಮಾಡ್ತೀನಿ.”

ಹನ್ನೊಂದು ನಿಮಿಷದ ಗಡಿಯಾರ ಎಷ್ಟೊತ್ತಿಗೋ ಮುಗಿದಿತ್ತು. ಮಾರನೇ ದಿನವೂ ಅವರೇ ಎರಡು ಸಲ ಫೋನ್ ಮಾಡಿದರು, ಬೆಲೆ ಇನ್ನೂ ಎರಡು ಸಾವಿರ ಇಳಿದಿತ್ತು. ಹುಡುಗ ದುಡ್ಡು ಹಾಕಲಿಲ್ಲ. ಕಂಪನಿ ಖಾತೆ ನಂಬರು ಕೊನೆಗೂ ಬರಲಿಲ್ಲ.

ಇಷ್ಟನ್ನೂ ಒಂದು ದಾರದಲ್ಲಿ ಪೋಣಿಸಬಹುದು. ಸೈಟು ಹೇಳುವ ಹೆಸರು, ಜಿಎಸ್‌ಟಿ ಹೇಳುವ ಹೆಸರು, ಬ್ಯಾಂಕ್ ಹೇಳುವ ಹೆಸರು. ಈ ಮೂರೂ ಒಂದೇ ಮನೆಯವು ಆಗಿರಬೇಕು. ಎಲ್ಲಿ ದಾರ ಕಡಿಯುತ್ತೋ ಅಲ್ಲಿ ನಿಲ್ಲಬೇಕು, ಅದಕ್ಕೆ ಕಾರಣ ಅವರು ಹೇಳಬೇಕು, ಅದೂ ಬರಹದಲ್ಲಿ. ಸಾಚಾ ಕಂಪನಿಯಲ್ಲೂ ಒಮ್ಮೊಮ್ಮೆ ವ್ಯಾಪಾರದ ಹೆಸರು ಬೇರೆ, ನೋಂದಣಿಯ ಹೆಸರು ಬೇರೆ ಇರುತ್ತೆ. ಆದರೆ ಜಿಎಸ್‌ಟಿ ಪುಟದಲ್ಲಿ ಎರಡೂ ಒಟ್ಟಿಗೆ ಕಾಣುತ್ತೆ, ಕೇಳಿದರೆ ಹೇಳೋಕೆ ಅವರಿಗೆ ಕಷ್ಟ ಆಗಲ್ಲ.

ಈಗ ಈ ಪರೀಕ್ಷೆ ಎಲ್ಲಿ ಸೋಲುತ್ತೆ ಅಂತಲೂ ಹೇಳಬೇಕು. ಸಕಲೇಶಪುರದಲ್ಲೋ ಮಡಿಕೇರಿಯಲ್ಲೋ ಎರಡು ರೂಮಿನ ಹೋಂಸ್ಟೇ ನಡೆಸುವವರ ವಹಿವಾಟು ವರ್ಷಕ್ಕೆ 20 ಲಕ್ಷ ದಾಟದೇ ಇದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹಣ ಅವರ ಸ್ವಂತ ಹೆಸರಿಗೇ ಹೋಗುತ್ತೆ. ಅಂಥವರನ್ನು ಕಳ್ಳರ ಸಾಲಿಗೆ ಸೇರಿಸಿದರೆ ಅನ್ಯಾಯ. ಅಲ್ಲಿ ಹೆಸರಿನ ಬದಲು ಜಾಗವನ್ನು ಪರೀಕ್ಷಿಸಬೇಕು. ವಿಡಿಯೋ ಕಾಲ್ ಮಾಡಿ ಗೇಟಿನಿಂದ ರೂಮಿನವರೆಗೆ ತೋರಿಸಿ ಅನ್ನಿ, ಸಣ್ಣ ಮೊತ್ತ ಕೊಟ್ಟು ಉಳಿದದ್ದು ಬಂದ ಮೇಲೆ ಅನ್ನಿ. ನಿಜವಾಗಿ ಮನೆ ಇರೋರಿಗೆ ಇದರಲ್ಲಿ ಕಳೆದುಕೊಳ್ಳೋದು ಏನೂ ಇಲ್ಲ.

ಇನ್ನೊಂದು ಕಡೆ ಇದಕ್ಕಿಂತ ಸೂಕ್ಷ್ಮ. ಏಜೆಂಟ್ ನಿಮಗೆ ಹೋಟೆಲಿನ ಅಸಲಿ ಬುಕಿಂಗ್ ಚೀಟಿಯನ್ನೇ ಕಳಿಸಬಹುದು. ನೀವು ಹೋಟೆಲಿಗೆ ಫೋನ್ ಮಾಡ್ತೀರಿ, ಅವರು “ಹೌದು ಸಾರ್, ನಿಮ್ಮ ಹೆಸರಲ್ಲಿ ಬುಕಿಂಗ್ ಇದೆ” ಅಂತಾರೆ. ನೀವು ನಿಶ್ಚಿಂತೆಯಿಂದ ಹಣ ಕಳಿಸ್ತೀರಿ. ಹಣ ಸೇರಿದ ಮೇಲೆ ಆತ ಆ ಬುಕಿಂಗ್ ಕ್ಯಾನ್ಸಲ್ ಮಾಡ್ತಾನೆ. ಯಾಕಂದ್ರೆ ಅದು ಒಂದು ರೂಪಾಯಿಯೂ ಕಟ್ಟದೇ ಮಾಡಿದ, ಬಂದಾಗ ಹಣ ಕೊಡುವ, ಬಿಟ್ಟಿ ರದ್ದು ಮಾಡಬಹುದಾದ ಬುಕಿಂಗು. ಹಾಗಾಗಿ ಹೋಟೆಲಿಗೆ ಫೋನ್ ಮಾಡಿದಾಗ ಬುಕಿಂಗ್ ಇದೆಯಾ ಅಂತ ಕೇಳಿದರೆ ಸಾಲದು. ದುಡ್ಡು ಸಂದಾಯ ಆಗಿದೆಯಾ, ಅಥವಾ ನಾನು ಬಂದಾಗ ಕೊಡಬೇಕಾ ಅಂತ ಕೇಳಿ. ಫೋನ್ ನಂಬರನ್ನು ಏಜೆಂಟ್ ಕೊಟ್ಟ ಚೀಟಿಯಿಂದ ತೆಗೀಬೇಡಿ, ಹೋಟೆಲಿನ ಸ್ವಂತ ಸೈಟಿನಿಂದ ತೆಗೀರಿ. ವಿಮಾನದ ಪಿಎನ್‌ಆರ್ ಕೊಟ್ಟರೆ ವಿಮಾನ ಕಂಪನಿಯ ಸೈಟಿನಲ್ಲೇ ಹಾಕಿ ನೋಡಿ, ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡಿ.

ತೀರ್ಥಯಾತ್ರೆಗೆ ಅಪ್ಪ ಅಮ್ಮನನ್ನು ಕಳಿಸುವವರಿಗೆ ಒಂದು ಮಾತು. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. ಕೇದಾರನಾಥದ ಹೆಲಿಕಾಪ್ಟರ್, ಚಾರ್‌ಧಾಮದ ವಸತಿಗೃಹ, ಹಾಲಿಡೇ ಪ್ಯಾಕೇಜ್ ಹೆಸರಲ್ಲಿ ನಕಲಿ ಸೈಟುಗಳು ಎದ್ದಿವೆ, ಗೂಗಲ್ ಹುಡುಕಾಟದಲ್ಲಿ ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತಾಗಿಯೂ ಬರುತ್ತಿವೆ ಅಂತ. ಹುಡುಕಿದಾಗ ಮೇಲೆ ಬಂದದ್ದು ಪರೀಕ್ಷೆ ಪಾಸಾದದ್ದು ಅಂತ ಅಲ್ಲ, ದುಡ್ಡು ಕೊಟ್ಟದ್ದು ಅಂತಲೂ ಇರಬಹುದು. ಆಗ ಆ ಕೇಂದ್ರ ಹೆಲಿಕಾಪ್ಟರ್ ಟಿಕೆಟ್ಟಿಗೆ ಕೊಟ್ಟ ವಿಳಾಸ heliyatra.irctc.co.in.

ಈ ವಿಳಾಸವನ್ನು ಬಲಗಡೆಯಿಂದ ಓದೋದು ಕಲಿಯಿರಿ. ಕೊನೆಯ co.in ಬಿಟ್ಟರೆ ಅದರ ಎಡಕ್ಕಿರುವ irctc ಮಾಲೀಕನ ಹೆಸರು. ಅದಕ್ಕೂ ಎಡಕ್ಕೆ ಇರೋದೆಲ್ಲ ಮಾಲೀಕ ತನಗಿಷ್ಟ ಬಂದಂತೆ ಇಟ್ಟುಕೊಂಡದ್ದು. ಈಗ heliyatra.irctc.co.in.booking.example ಅಂತ ಬಂದರೆ ಎಡಗಡೆ ಎಲ್ಲ ಅಸಲಿಯೇ ಕಾಣುತ್ತೆ, ಮಾಲೀಕ ಮಾತ್ರ booking.example. (example ಅನ್ನೋ ಕೊನೆಯನ್ನು ಉದಾಹರಣೆಗೆ ಅಂತಲೇ ಮೀಸಲಿಟ್ಟಿದ್ದಾರೆ, ಯಾರೂ ಕೊಳ್ಳೋಕಾಗಲ್ಲ.) ಮೊಬೈಲಲ್ಲಿ ಉದ್ದ ವಿಳಾಸದ ಬಲತುದಿ ಮುಚ್ಚಿಹೋಗಬಹುದು, ಅದನ್ನು ಒತ್ತಿ ಪೂರ್ತಿ ನೋಡಬೇಕು. ಸರ್ಕಾರಿ ಸಂಸ್ಥೆ ಅಂದರೆ ಕೊನೆಗೆ gov.in ಇರಲೇಬೇಕು ಅಂತಲೂ ಇಲ್ಲ. ನಮ್ಮ ಕೆಎಸ್‌ಟಿಡಿಸಿಯ ವಿಳಾಸ kstdc.co, ಜಂಗಲ್ ಲಾಡ್ಜಸ್‌ದು junglelodges.com. ಕೊನೆ ನೋಡಿ ಊಹೆ ಮಾಡುವ ಬದಲು ಈ ಹೆಸರುಗಳನ್ನೇ ಒಮ್ಮೆ ಕೈಯಾರೆ ಟೈಪ್ ಮಾಡಿ ಉಳಿಸಿಕೊಳ್ಳೋದು ಲೇಸು.

ಹಣ ಹೋಗಿಬಿಟ್ಟಿದ್ದರೆ 1930ಕ್ಕೆ ಆಗಲೇ ಫೋನ್ ಮಾಡಬೇಕು, ಅಥವಾ cybercrime.gov.in ನಲ್ಲಿ ದೂರು ಕೊಡಬೇಕು. ಯುಪಿಐ ವ್ಯವಹಾರದ ಹನ್ನೆರಡು ಅಂಕಿಯ ನಂಬರು ಕೈಲಿರಲಿ. ದುಡ್ಡು ಮೊದಲ ಖಾತೆಯಲ್ಲಿ ಹೆಚ್ಚು ಹೊತ್ತು ಕೂರಲ್ಲ, ಬೇರೆ ಬೇರೆ ಖಾತೆಗೆ ಚೂರುಚೂರಾಗಿ ಹೋಗಿ ಎಲ್ಲೋ ಎಟಿಎಮ್ಮಲ್ಲಿ ಕೈಗೆ ಬರುತ್ತೆ. ಅದು ದಾಟುವ ಮುಂಚೆ ತಡೆ ಬಿದ್ದರೆ ಸಿಗುವ ಸಂಭವ ಇದೆ. ಅವಸರ ಪಡಬೇಕಾದ ಜಾಗ ಅದು. ಮೋಸವಲ್ಲದ, ಬರೀ ಸುಳ್ಳು ಗಡಿಯಾರದ ಬಗ್ಗೆ ದೂರಿದ್ದರೆ ಗ್ರಾಹಕ ಸಹಾಯವಾಣಿ 1915.

ಆ ದೂರು ಕೊಡೋದು ಸಣ್ಣ ವಿಷಯ ಅನ್ನಿಸಬಹುದು. ನನಗೆ ಹಾಗನ್ನಿಸಲ್ಲ. ಗಡಿಯಾರದ ಆ ಎರಡು ಸಾಲು ಬರೆಯೋರು ನಮ್ಮಂಥವರೇ. ಯಾವುದೋ ಮೀಟಿಂಗಿನಲ್ಲಿ ಯಾರೋ ‘ಕನ್ವರ್ಷನ್ ಜಾಸ್ತಿ ಆಗುತ್ತೆ’ ಅಂದಾಗ ಒಬ್ಬ ಎಂಜಿನಿಯರ್ ಕೂತು ಟೈಪ್ ಮಾಡಿರ್ತಾನೆ. ಅಸಲಿ ಕಂಪನಿಯ ಪುಟದಲ್ಲಿ ಅದರಿಂದ ನಾಲ್ಕು ಬುಕಿಂಗ್ ಹೆಚ್ಚಾಗಿರಬಹುದು. ಆದರೆ ಆ ಪುಟ ನೋಡಿ ನೋಡಿ ಪಳಗಿದ ಕಣ್ಣನ್ನೇ ಹತ್ತೊಂಬತ್ತು ದಿನದ ಸೈಟೊಂದು ಬಿಟ್ಟಿಯಾಗಿ ಬಳಸಿಕೊಳ್ಳುತ್ತೆ, ಪೀಣ್ಯದ ಶೆಡ್ಡಿನಲ್ಲಿ ನಿಂತು ದುಡಿದವನ ಬೋನಸ್ಸಿಗೆ ಕೈ ಹಾಕುತ್ತೆ. ಮುಂದಿನ ಸಲ ಅಂಥ ಟಿಕೆಟ್ ನಿಮ್ಮ ಸ್ಪ್ರಿಂಟಿಗೆ ಬಂದರೆ, 2023ರ ಮಾರ್ಗಸೂಚಿಯ ಕೊಂಡಿಯನ್ನು ಅದರ ಕೆಳಗೇ ಹಾಕಿ ವಾಪಸ್ ಕಳಿಸಿ.